ಗೆರೆ ದಾಟದ ಕೆಂಪು

ಹೊಲಿಗೆ ಮೆಷಿನ್ನಿನ ಸದ್ದು ಮತ್ತೆ ನಿಂತಿತು. ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ನಿಂತಿದ್ದ ಮಾಸ್ತರು ತಲೆ ಎತ್ತದೆಯೇ ಗದರಿದರು.

"ಕೆರೀಬೇಡ ಕಣೇ. ಎಷ್ಟು ಸಲ ಹೇಳ್ಲಿ?"

"ಕೆರೀದೇ ಇರೋಕೆ ಆಗಿದ್ರೆ ಕೆರೀತಿದ್ನಾ? ನಿಮಗೆ ಕಚ್ಚಿದ್ರೆ ಗೊತ್ತಾಗ್ತಿತ್ತು," ಎಂದು ಹೆಂಡತಿ ಸೀರೆಯನ್ನು ಸ್ವಲ್ಪ ಮೇಲೆತ್ತಿ ಮೀನಖಂಡವನ್ನು ಪರಪರ ಕೆರೆದುಕೊಂಡಳು.

ಹಿಂದಿನ ದಿನ ಅಟ್ಟದ ಮೂಲೆಯಿಂದ ಹಳೇ ತುಂಡುಬಟ್ಟೆಯ ಗಂಟು ಇಳಿಸುವಾಗ ಏನೋ ಕಚ್ಚಿತ್ತು. ಏನು ಕಚ್ಚಿತೆಂದು ಅವಳು ನೋಡಲಿಲ್ಲ. ಕಚ್ಚಿದ್ದು ನಿಂತು ಹೆಸರು ಹೇಳಿ ಹೋಗಲೂ ಇಲ್ಲ. ಮೊದಲು ಕಡಲೆಕಾಳಿನಷ್ಟು ಗುಳ್ಳೆ, ರಾತ್ರಿಯೆಲ್ಲ ತುರಿಕೆ, ಬೆಳಿಗ್ಗೆ ಎದ್ದಾಗ ಅಂಗೈ ಅಗಲದ ಕೆಂಪು. ಕೆಂಪು ಎನ್ನುವುದು ಮಾತಿಗೆ. ಅವಳ ಮೈಬಣ್ಣದ ಮೇಲೆ ಅದು ಕಂದಿಗೂ ನೇರಳೆಗೂ ನಡುವಿನ ಯಾವುದೋ ಬಣ್ಣವಾಗಿತ್ತು. ನಡುವೆ ಉಗುರು ತಾಗಿ ಸಿಪ್ಪೆ ಎದ್ದಿತ್ತು.

ಗಂಡ ಹೆಂಡತಿ ಇಬ್ಬರದೂ ಒಂದೇ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಾಸ್ತರು ಗುರುತು ಹಾಕಿ ಕತ್ತರಿಸುವವರು, ಅವಳು ಹೊಲಿಯುವವಳು. ಮಾಸ್ತರ ಕತ್ತರಿಯ ಬಗ್ಗೆ ಆ ಬೀದಿಯಲ್ಲಿ ಒಂದು ಖ್ಯಾತಿ ಇತ್ತು. ಅವರು ಕತ್ತರಿಸಿದ ಅಂಗಿ ಬಿಗಿಯಾಯಿತೆಂದು ಯಾರೂ ದೂರಿದ್ದಿಲ್ಲ, ಯಾಕೆಂದರೆ ಅಳತೆಯ ಆಚೆಗೆ ಒಂದು ಬೆರಳು ಬಟ್ಟೆ ಬಿಟ್ಟೇ ಅವರು ಗೆರೆ ಎಳೆಯುತ್ತಿದ್ದರು. ಅದಕ್ಕೆ ಅವರು ಮಾರ್ಜಿನ್ ಎನ್ನುತ್ತಿದ್ದರು. "ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರ್ತಾನಾ? ಹೊಟ್ಟೆ ಬಂದ್ರೆ ಬಿಚ್ಚಿ ಹೊಲೀಬೇಕಲ್ಲ," ಎನ್ನುವುದು ಅವರ ಸಿದ್ಧಾಂತ. ಮೊದಮೊದಲು ಹೆಂಡತಿ ಅವರ ಗೆರೆಯ ಮೇಲೇ ಹೊಲಿದು ಬೈಸಿಕೊಂಡಿದ್ದಳು. ಆಮೇಲೆ ಗೆರೆಯಿಂದ ಒಂದು ಬೆರಳು ಒಳಗೆ ಸೂಜಿ ಓಡಿಸುವುದು ಅವಳ ಕಾಲಿಗೂ ಕೈಗೂ ಅಭ್ಯಾಸವಾಗಿ ಹೋಯಿತು.

ಪಕ್ಕದ ಬೀದಿಯಲ್ಲಿದ್ದ ಮಾಸ್ತರ ಅಕ್ಕ ಮಧ್ಯಾಹ್ನದ ಹೊತ್ತಿಗೆ ಬಂದಳು. ಈಕೆಗೆ ಗೊತ್ತಿಲ್ಲದ ರೋಗವಿಲ್ಲ. ಗೊತ್ತಿಲ್ಲದಿದ್ದರೆ ಅದು ರೋಗವೇ ಅಲ್ಲ.

"ಇಷ್ಟೇನಾ? ನನಗೆ ಒಂದ್ಸಲ ಕಣಜ ಕಚ್ಚಿ ಮೊಣಕೈಯಿಂದ ಭುಜದ ತನಕ ಊದಿತ್ತು. ಎರಡು ದಿನ ಮಂಜುಗಡ್ಡೆ ಇಟ್ಟೆ, ಇಳೀತು," ಎಂದಳು.

"ಡಾಕ್ಟ್ರಿಗೆ ಒಂದ್ಸಲ ತೋರಿಸೋಣ ಅಂತ," ಎಂದರು ಮಾಸ್ತರು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೋ?"

"ಉಗುರಲ್ಲೇ ಹೋಗಿದ್ದಕ್ಕೆ ಹೀಗಾಗಿರೋದು ಅತ್ತಿಗೆ," ಎಂದು ಹೆಂಡತಿ ಕೆರೆದ ಕಾಲು ತೋರಿಸಿ ನಕ್ಕಳು. ಆಗಿನ್ನೂ ನಗುವಷ್ಟು ಚೆನ್ನಾಗಿದ್ದಳು.

ಅಂತೂ ಹೋದರು. ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನ ಹಿಂಭಾಗದಿಂದ ಮುಟ್ಟಿ ಬಿಸಿ ನೋಡಿದರು. ತುರಿಕೆಯೋ ನೋವೋ ಎಂದು ಕೇಳಿದರು.

"ತುರಿಕೆ. ಅಂಚಲ್ಲಿ ಮುಟ್ಟಿದ್ರೆ ಸ್ವಲ್ಪ ನೋವು."

"ಹುಳ ಕಚ್ಚಿದ್ರೆ ಒಂದೆರಡು ದಿನ ಹೀಗೆ ಕೆಂಪಾಗಿ ಊದ್ಕೊಳ್ಳೋದು ಉಂಟು. ಅದಾಗಿದ್ರೆ ತಾನಾಗೇ ಇಳಿಯುತ್ತೆ. ಆದ್ರೆ ನೀವು ಕೆರೆದು ಚರ್ಮ ಕಿತ್ತಿದೀರ. ಅದರೊಳಗೆ ಸೋಂಕು ಹೋಗಿದ್ರೆ ಕೆಂಪು ಹರಡ್ತಾ ಹೋಗುತ್ತೆ. ಇವತ್ತು ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ, ಯಾವುದು ಅಂತ ಖಂಡಿತ ಹೇಳೋಕಾಗಲ್ಲ. ಅದಕ್ಕೇ ಕೆಂಪಿನ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದು ಕಳಿಸ್ತೀವಿ. ಗೆರೆ ದಾಟಿದ್ರೆ ಬನ್ನಿ. ದಾಟದೇ ಇದ್ರೂ ಜ್ವರ, ಚಳಿ ಬಂದ್ರೆ, ತುರಿಕೆ ಹೋಗಿ ನೋವು ಜಾಸ್ತಿ ಆದ್ರೆ ಕಾಯದೇ ಬನ್ನಿ," ಎಂದು ಡಾಕ್ಟರಮ್ಮ ತುರಿಕೆಗೆ ಮಾತ್ರೆ ಬರೆದುಕೊಟ್ಟರು.

ನರ್ಸಮ್ಮ ಪಕ್ಕದ ಕೋಣೆಯಲ್ಲಿ ಅವಳನ್ನು ಕೂರಿಸಿ ಪೆನ್ನು ತೆಗೆದರು. ಅಷ್ಟರಲ್ಲಿ ಆಚೆ ಯಾರೋ ತಲೆಸುತ್ತಿ ಬಿದ್ದರೆಂದು ಗಲಾಟೆಯಾಯಿತು.

"ಕೊಡಿ ಸಿಸ್ಟರ್, ನಾನು ಎಳೀತೀನಿ. ಗೆರೆ ಎಳೆಯೋದೇ ನನ್ನ ಕಸುಬು," ಎಂದರು ಮಾಸ್ತರು.

ನರ್ಸಮ್ಮ ಪೆನ್ನು ಅವರ ಕೈಗಿಟ್ಟು ಓಡಿದರು. ಮಾಸ್ತರು ಬಗ್ಗಿ ಕೂತು, ಒಂದೇ ಉಸಿರಿಗೆ, ಎಲ್ಲೂ ಪೆನ್ನು ಎತ್ತದೆ, ಕೆಂಪಿನ ಸುತ್ತ ಗೆರೆ ಎಳೆದು ಮುಗಿಸಿದರು. ಪಕ್ಕದಲ್ಲಿ ತಾರೀಖು, ಹೊತ್ತು ಬರೆದರು. ವಾಪಸು ಬಂದ ನರ್ಸಮ್ಮ ಬಾಗಿಲಿಂದಲೇ ಇಣುಕಿ, "ಅಬ್ಬ, ಎಷ್ಟು ನೀಟಾಗಿದೆ," ಎಂದು ಮುಂದಿನವರನ್ನು ಕರೆದರು. ಹೊಗಳಿಕೆಗೆ ಉಬ್ಬದ ಗಂಡಸು ಯಾವ ಊರಿನಲ್ಲಿದ್ದಾನೆ? ಮಾಸ್ತರು ದಾರಿಯುದ್ದಕ್ಕೂ ಹೆಂಡತಿಯ ಕಾಲು ನೋಡಿಕೊಂಡೇ ಬಂದರು.

ಡಾಕ್ಟರಮ್ಮ ಹೇಳಿದ ಅಷ್ಟೂ ಮಾತಿನಲ್ಲಿ ಮನೆ ತಲುಪುವ ಹೊತ್ತಿಗೆ ಮಾಸ್ತರ ತಲೆಯಲ್ಲಿ ಉಳಿದದ್ದು ಗೆರೆಯೊಂದೇ. ಜ್ವರ, ಚಳಿ, ನೋವು ಎಲ್ಲ ದಾರಿಯಲ್ಲೇ ಎಲ್ಲೋ ಉದುರಿ ಹೋಗಿದ್ದವು. ಬದುಕೆಲ್ಲ ಗೆರೆಯನ್ನೇ ನಂಬಿ ಕತ್ತರಿ ಆಡಿಸಿದವರಿಗೆ ಇನ್ನೇನು ಉಳಿದೀತು!

ಮಾರನೆಯ ಬೆಳಿಗ್ಗೆ ಎದ್ದವರೇ ಮೊದಲು ಗೆರೆ ನೋಡಿದರು. ಕೆಂಪು ಒಳಗೇ ಇತ್ತು. ಮಾಸ್ತರಿಗೆ ಹೋದ ಜೀವ ಬಂದ ಹಾಗಾಯಿತು.

"ದಾಟಿಲ್ಲ ಕಣೇ. ಹುಳಾನೇ."

"ತುರಿಕೆ ಪೂರ್ತಿ ನಿಂತಿದೆ. ಆದ್ರೆ ಯಾಕೋ ಒಳಗಿಂದ ನೋಯ್ತಿದೆ ರೀ. ಕಾಲು ಭಾರ ಅನ್ಸುತ್ತೆ."

"ಮಾತ್ರೆ ಕೆಲಸ ಮಾಡ್ತಿದೆ, ಅದಕ್ಕೇ ತುರಿಕೆ ನಿಂತಿರೋದು."

ಕಾರ್ಖಾನೆಯೊಂದರ ಕೆಲಸಗಾರರ ಅಂಗಿಗಳು ಹೊಲಿಯಲು ಬಾಕಿ ಇದ್ದವು. ಮೆಷಿನ್ನಿನ ಮುಂದೆ ಕೂತಳು. ತುಳಿಯುವುದು ನೋವಿಲ್ಲದ ಕಾಲಿನಲ್ಲಿ ಮಾತ್ರ. ಹೊಲಿಗೆಯ ಸದ್ದು ಕುಂಟುತ್ತಾ ಕೇಳಿಸತೊಡಗಿತು. ಮಾಸ್ತರಿಗೆ ಆ ಸದ್ದು ಕಿವಿಗೆ ಬೀಳುತ್ತಿತ್ತು, ಮನಸ್ಸಿಗೆ ಸಮಾಧಾನವಿರಲಿಲ್ಲ. ಬಟ್ಟೆ ಬಿಟ್ಟು ಹೋಗಿ ಗೆರೆ ನೋಡುವರು, ದಾಟಿಲ್ಲ ಎಂದುಕೊಂಡು ಬರುವರು. ಮತ್ತೆ ಹೋಗುವರು. ನೋಡಿ ನೋಡಿ ಅವರಿಗೆ ಒಂದು ಅನುಮಾನ ಹುಟ್ಟಿತು. ಕೆಂಪು ಬೆಳಿಗ್ಗೆಗಿಂತ ಗೆರೆಗೆ ಹತ್ತಿರ ಬಂದಿದೆಯೇ? ಅಥವಾ ಬೆಳಗಿನಿಂದ ಇಷ್ಟೇ ಹತ್ತಿರವಿತ್ತೇ? ಬೆಳಿಗ್ಗೆ ತಾವು ನೋಡಿದ್ದು ಕೆಂಪನ್ನೋ ಬರೀ ಗೆರೆಯನ್ನೋ? ಎಷ್ಟು ನೆನೆಸಿಕೊಂಡರೂ ಕಣ್ಣ ಮುಂದೆ ಬರುತ್ತಿದ್ದದ್ದು ಗೆರೆಯೇ.

ಅಕ್ಕ ಬಂದು ನೋಡಿ ತೀರ್ಪು ಕೊಟ್ಟಳು. "ಗೆರೆ ಒಳಗೇ ಇದೆ, ತುರಿಕೆ ಹೋಗಿದೆ. ಇನ್ನೇನು ಬೇಕು?"

"ಆದ್ರೆ ನೋವು ಅಂತಾಳಲ್ಲ ಅಕ್ಕ."

"ಊದಿರೋ ಕಾಲು ನೋಯದೇ ನಗುತ್ತಾ? ಕೆಲಸ ಜಾಸ್ತಿ ಮಾಡಿಸ್ತೀಯ, ಅದಕ್ಕೆ ನೋವು. ಸ್ವಲ್ಪ ಮಲಗಿಸು."

ಅದೂ ಸರಿ ಎನಿಸಿತು. ಮಾಸ್ತರಿಗೆ ಆ ದಿನ ಯಾರು ಏನು ಹೇಳಿದರೂ ಸರಿ ಎನಿಸುತ್ತಿತ್ತು, ಹೇಳಿದವರು ಆಚೆ ಹೋದ ಮೇಲೆ ಯಾವುದೂ ಸರಿ ಎನಿಸುತ್ತಿರಲಿಲ್ಲ. ಹೆಂಡತಿ ಒಳಗೆ ಮಲಗಿದಳು. ಮೆಷಿನ್ ಪೂರ್ತಿ ನಿಂತಿತು.

ಸಂಜೆಯಾಗುವ ಮೊದಲೇ ಅವಳು ನಡುಗತೊಡಗಿದಳು. ಹೊದಿಕೆ ಹೊದಿಸಿದರೆ ಇನ್ನೊಂದು ಬೇಕು ಎಂದಳು. ಹಣೆ ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಮಾಸ್ತರು ಹೊದಿಕೆ ಸರಿಸಿ ಕಾಲು ನೋಡಿದರು. ಚರ್ಮ ಬಿಗಿದು ಮಿರುಗುತ್ತಿತ್ತು. ಗೆರೆ ಇದ್ದಲ್ಲೇ ಇತ್ತು, ಕೆಂಪು ಅದರ ಒಳಗೇ ಇತ್ತು.

ಮಾಸ್ತರು ಇಂಗು ತಿಂದ ಮಂಗನ ಹಾಗೆ ಕೂತುಬಿಟ್ಟರು. ಗೆರೆ ಚೆನ್ನಾಗಿದ್ದಾಳೆ ಎನ್ನುತ್ತಿದೆ, ಇವಳು ನಡುಗುತ್ತಿದ್ದಾಳೆ. ಯಾರನ್ನು ನಂಬುವುದು? ಅವರಿಗೆ ಅಳು ಬಂದ ಹಾಗಾಯಿತು, ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ, ಮತ್ತೆ ನೋಡಲು ಬಂದಿದ್ದ ಅಕ್ಕನ ಮೇಲೆ ಹಾಕಿದರು.

"ನೀನೇ ತಾನೇ ಅಕ್ಕ ಹುಳ ಅಂದಿದ್ದು?"

"ಹುಳಕ್ಕೂ ಜ್ವರಕ್ಕೂ ಏನೋ ಸಂಬಂಧ? ಈಗ ಎಲ್ಲರ ಮನೇಲೂ ಜ್ವರ. ಇದೂ ಅದೇ ಇರುತ್ತೆ. ಕಾಲಿನದು ಕಾಲಿಗೆ, ಜ್ವರದ್ದು ಜ್ವರಕ್ಕೆ," ಎಂದಳು ಅಕ್ಕ. ಆದರೆ ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಹೊದಿಕೆಯೊಳಗಿಂದ ಹೆಂಡತಿ ಕೇಳಿದಳು. "ರೀ, ಮೊನ್ನೆ ಆ ಗೆರೆ ಎಲ್ಲಿ ಎಳೆದ್ರಿ?"

"ಎಲ್ಲಿ ಅಂದ್ರೆ? ಕೆಂಪಿನ ಸುತ್ತ." ಮೊನ್ನೆಯಲ್ಲ, ನಿನ್ನೆ ಎಂದು ತಿದ್ದಲೂ ಅವರಿಗೆ ತೋಚಲಿಲ್ಲ.

"ಅಂಚಿನ ಮೇಲೋ, ಆಚೆಗೋ?"

"ಅಂಚಿಗೇ..." ಎಂದವರು ನಿಲ್ಲಿಸಿದರು.

"ಡಾಕ್ಟ್ರಮ್ಮ ಅಂಚು ಮುಟ್ಟಿದಾಗ ನೋಯ್ತಿತ್ತು ರೀ. ನೀವು ಪೆನ್ನಲ್ಲಿ ಸುತ್ತ ಒತ್ತಿ ಎಳೆದಾಗ ನನಗೆ ಒಂಚೂರೂ ನೋಯಲಿಲ್ಲ. ಆಗ ನಿಮ್ಮ ಕೈ ಎಷ್ಟು ಹಗುರ ಅಂದ್ಕೊಂಡೆ." ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ಇಷ್ಟು ವರ್ಷ ನಿಮ್ಮ ಗೆರೆ ಒಳಗೆ ಹೊಲಿದಿದೀನಿ. ನೀವು ಯಾವತ್ತು ಅಳತೆ ಮೇಲೆ ಗೆರೆ ಎಳೆದಿದೀರಿ? ಮಾರ್ಜಿನ್ ಬಿಟ್ಟಿದೀರಿ."

ಮಾಸ್ತರು ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿದರು. ಆಗ ಕ್ಲಿನಿಕ್ಕಿನ ಕೋಣೆ ಕಣ್ಣಿಗೆ ಕಟ್ಟಿತು. ಗೆರೆಗೂ ಕೆಂಪಿಗೂ ನಡುವೆ ಸುತ್ತಲೂ ಒಂದು ಬೆರಳು ಒಳ್ಳೆಯ ಚರ್ಮ ಇತ್ತು. ಎಳೆಯುವಾಗ ಅವರು ಯೋಚಿಸಿರಲೇ ಇಲ್ಲ, ಕೈ ತಾನಾಗಿ ಹೋಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣವೂ ಅಷ್ಟೇ ಇರಬೇಕು. ಈಗ ಕಾಲು ನೋಡಿದರೆ ಒಂದು ನೂಲಿನಷ್ಟೂ ಒಳ್ಳೆಯ ಚರ್ಮ ಉಳಿದಿರಲಿಲ್ಲ. ಕೆಂಪು ಸುತ್ತಲೂ ಬಂದು ಗೆರೆಗೆ ತಾಗಿ ನಿಂತಿತ್ತು. ಅವರು ಬಿಟ್ಟ ಅಷ್ಟೂ ಜಾಗವನ್ನು ಅದು ಒಂದೇ ದಿನದಲ್ಲಿ ತಿಂದು ಮುಗಿಸಿತ್ತು.

"ಆಟೋ ಕರಿ ಅಕ್ಕ!" ಎಂದು ಮಾಸ್ತರು ಕೂಗಿದ ರಭಸಕ್ಕೆ ಅಕ್ಕ ಚಪ್ಪಲಿ ಮರೆತು ಬೀದಿಗೆ ಓಡಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಇರಲಿಲ್ಲ. ಸಂಜೆಯ ಪಾಳಿಗೆ ಬರುವ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಜ್ವರ ನೋಡಿದರು, ನಾಡಿ ನೋಡಿದರು, ಕಾಲಿನ ಮೇಲಿನ ಗೆರೆಯನ್ನೂ ಅದರ ಪಕ್ಕದ ತಾರೀಖನ್ನೂ ಓದಿದರು. ಅವರ ಹುಬ್ಬು ಗಂಟಾಯಿತು.

"ಇದು ನಿನ್ನೆ ಎಳೆದ ಗೆರೆ. ಅಂದ್ರೆ ಒಂದು ದಿನದಲ್ಲಿ ಒಂಚೂರೂ ಹರಡಿಲ್ಲ. ಆದ್ರೆ ಜ್ವರ ಇಷ್ಟಿದೆ, ಮುಟ್ಟಿದ್ರೆ ನೋವು..." ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಜ್ವರಕ್ಕೆ ಬೇರೆ ಕಾರಣ ಇರಬಹುದಾ? ಕೆಮ್ಮು, ಉರಿಮೂತ್ರ ಏನಾದ್ರೂ ಇದೆಯಾ?"

"ನಾನೂ ಅದೇ ಹೇಳಿದ್ದು, ಎಲ್ಲರ ಮನೇಲೂ ಜ್ವರ," ಎಂದು ಅಕ್ಕ ಬಾಯಿ ಹಾಕಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಹೊತ್ತು ಬಂತಲ್ಲ ಎಂದುಕೊಂಡರು ಮಾಸ್ತರು. ನರ್ಸಮ್ಮ ಅಲ್ಲೇ ನಿಂತಿದ್ದರು. ಹೊರಗಿನ ಬೆಂಚಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಮಾಸ್ತರ ಅಂಗಡಿಯ ಗಿರಾಕಿಗಳು. ಗೆರೆ ಎಳೆಯೋದೇ ನನ್ನ ಕಸುಬು ಎಂದ ಬಾಯಿಂದಲೇ ಈಗ ಇದನ್ನೂ ಹೇಳಬೇಕಿತ್ತು.

"ಡಾಕ್ಟ್ರೇ, ಆ ಗೆರೆ ನಂಬಬೇಡಿ," ಎಂದರು.

"ಅಂದ್ರೆ?"

"ನಾನು ಎಳೆದಿದ್ದು. ಅಂಚಿನ ಮೇಲೆ ಎಳೀಲಿಲ್ಲ. ಸುತ್ತ ಒಂದು ಬೆರಳು ಬಿಟ್ಟು ಎಳೆದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕೆ?"

"ಮಾರ್ಜಿನ್ನು," ಎಂದರು ಮಾಸ್ತರು. ಅದು ಉತ್ತರವಾಗಲಿಲ್ಲವೆಂದು ಅವರಿಗೇ ತಿಳಿಯಿತು. "ನಾನು ದರ್ಜಿ, ಸರ್. ಅಳತೆ ಮೇಲೆ ಗೆರೆ ಎಳೆದು ನನ್ನ ಕೈಗೆ ಗೊತ್ತಿಲ್ಲ. ನಿನ್ನೆ ಕೆಂಪು ಇಲ್ಲಿ ತನಕ ಮಾತ್ರ ಇತ್ತು." ಕಾಲಿನ ಮೇಲೆ ಬೆರಳಿಟ್ಟು ಸುತ್ತಲೂ ತೋರಿಸಿದರು. ಇಂಥ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ತಪ್ಪಿದ್ದು ಕೈ.

ಡಾಕ್ಟರು ಆಮೇಲೆ ಒಂದು ನಿಮಿಷವೂ ತಡಮಾಡಲಿಲ್ಲ. "ಹಾಗಾದ್ರೆ ಇದು ಒಂದು ದಿನದಲ್ಲಿ ಸುತ್ತಲೂ ಒಂದು ಬೆರಳು ಹರಡಿದೆ. ಬರೀ ಹುಳದ ಕಡಿತ ಅಲ್ಲ, ಚರ್ಮದ ಸೋಂಕು. ಚಳಿಜ್ವರ ಬೇರೆ ಬಂದಿದೆ, ಮಾತ್ರೆ ಕೊಟ್ಟು ಮನೆಗೆ ಕಳಿಸೋಕಾಗಲ್ಲ. ದೊಡ್ಡಾಸ್ಪತ್ರೆಗೆ ಈಗಲೇ ಹೋಗಿ. ನರಕ್ಕೆ ಔಷಧಿ ಹಾಕ್ತಾರೆ," ಎಂದು ಚೀಟಿ ಬರೆದರು. ಬರೆಯುತ್ತಾ ಹೇಳಿದರು, "ಗೆರೆ ಏನೇ ಹೇಳ್ಲಿ, ಜ್ವರ ಬಂದ ತಕ್ಷಣ ಬರಬೇಕಿತ್ತು."

"ಡಾಕ್ಟ್ರಮ್ಮ ಹೇಳಿದ್ರು," ಎಂದರು ಮಾಸ್ತರು. "ನಾನು ಮರೆತೆ."

ಆಟೋದಲ್ಲಿ ಹೆಂಡತಿ ಅವರ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಇವಳ ಕಾಲು ಹೋದರೆ ಎಂಬ ಯೋಚನೆ ಬಂತು. ಇವಳೇ ಹೋದರೆ ಎಂಬ ಯೋಚನೆ ಅದರ ಹಿಂದೆಯೇ ಬಂತು. ಅಂಥ ಭಯ ಅವರಿಗೆ ಈವರೆಗೆ ಆಗಿರಲಿಲ್ಲ. ಅವಳ ಬಿಸಿ ಕೈಯನ್ನು ಹಿಡಿದುಕೊಂಡು ಕೂತರು, ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅವಳ ಕೈಗೆ ಸೂಜಿ ಚುಚ್ಚಿ ಔಷಧಿ ಇಳಿಸಿದರು, ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟರು. ಅಲ್ಲಿನ ನರ್ಸು ಹಳೆಯ ಗೆರೆಯನ್ನು ಹಾಗೇ ಬಿಟ್ಟು, ಬೇರೆ ಬಣ್ಣದ ಪೆನ್ನಿನಲ್ಲಿ ಹೊಸ ಗೆರೆ ಎಳೆದರು. ಕಣ್ಣಿಗೆ ಅಂಚು ಸರಿಯಾಗಿ ಕಾಣದ ಕಡೆ ಬೆರಳಿನ ಹಿಂಭಾಗ ಇಟ್ಟು, ಬಿಸಿಯೂ ಗಟ್ಟಿಯೂ ಎಲ್ಲಿಗೆ ಮುಗಿಯುತ್ತದೆಂದು ನೋಡಿ ಎಳೆದರು. ವಕ್ರವಕ್ರವಾದ, ಒಂದಿಷ್ಟೂ ಚೆಂದವಿಲ್ಲದ ಗೆರೆ. ಪ್ರತಿ ಸಲ ಪೆನ್ನು ತಾಗಿದಾಗಲೂ ಹೆಂಡತಿ ಹಾ ಎಂದಳು. ಮಾಸ್ತರು ಮುಖ ತಿರುಗಿಸಿಕೊಂಡರು.

ಕಷ್ಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರನೆಯ ದಿನ ನೋಡಿದರೆ ಕೆಂಪು ಹೊಸ ಗೆರೆಯನ್ನು ಒಂದು ಕಡೆ ದಾಟಿ ಚೂರು ಆಚೆಗೆ ಹೋಗಿತ್ತು. ಮಾಸ್ತರ ಜೀವ ಬಾಯಿಗೆ ಬಂತು. ನಿನ್ನೆ ದಾಟದಿದ್ದಾಗ ಕೆಟ್ಟಿತ್ತು, ಇವತ್ತು ದಾಟಿದೆ, ಇವಳು ನೋಡಿದರೆ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಾಳೆ! ಅವರು ಕಾರಿಡಾರಿನಲ್ಲಿ ಡಾಕ್ಟರನ್ನು ಅಡ್ಡಗಟ್ಟಿ ಕರೆದುಕೊಂಡು ಬಂದರು.

"ಔಷಧಿ ಶುರು ಮಾಡಿದ ಮೊದಲ ಒಂದೆರಡು ದಿನ ಕೆಂಪು ಸ್ವಲ್ಪ ಮುಂದೆ ಹೋಗೋದು ಉಂಟು," ಎಂದರು ಆ ಡಾಕ್ಟರು. "ಜ್ವರ ಇಳಿದಿದೆ, ನೋವು ಕಮ್ಮಿ ಆಗಿದೆ. ಬರೀ ಗೆರೆ ನೋಡಬೇಡಿ, ಅವರನ್ನೂ ನೋಡಿ. ನಾಳೆಯೂ ಹೀಗೇ ಹರಡಿದ್ರೆ ಔಷಧಿ ಬದಲಾಯಿಸೋಣ."

ಮಾಸ್ತರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಆದರೆ ಸ್ಟೂಲನ್ನು ಕಾಲಿನ ಕಡೆಯಿಂದ ತಲೆಯ ಕಡೆಗೆ ಎಳೆದುಕೊಂಡು ಕೂತು, ಆ ದಿನವೆಲ್ಲ ಹೆಂಡತಿಯ ಮುಖ ನೋಡಿದರು.

"ಏನ್ರೀ ಹಾಗೆ ನೋಡ್ತೀರ?" ಎಂದಳು ಅವಳು.

"ಏನಿಲ್ಲ. ಡಾಕ್ಟ್ರು ಹೇಳಿದಾರೆ."

ಅಕ್ಕ ನೋಡಲು ಬಂದಳು. ವಾರ್ಡಿನ ಪಕ್ಕದ ಹಾಸಿಗೆಯವರಿಗೆ ಕೇಳುವಂತೆ, "ನಾನು ಮೊದಲೇ ಬಡ್ಕೊಂಡೆ, ಆಸ್ಪತ್ರೆಗೆ ಹೋಗಿ, ಹೋಗಿ ಅಂತ. ಇವನು ಕೇಳಬೇಕಲ್ಲ," ಎಂದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಟೋ ಹಿಡಿಯಲು ಬರಿಗಾಲಿನಲ್ಲಿ ಓಡಿದವಳ ಹಿಮ್ಮಡಿಯಲ್ಲಿ ಒಂದು ಪಟ್ಟಿ ಅಂಟಿತ್ತು. "ಇದಕ್ಕೂ ಗೆರೆ ಎಳೆಸ್ಕೋಬೇಕೇನೋ?" ಎಂದು ಆಮೇಲೆ ಅವಳೇ ಮೆಲ್ಲಗೆ ಕೇಳಿದಳು.

ಅದರ ಮರುದಿನದಿಂದ ಕೆಂಪು ಹಿಂದೆ ಸರಿಯಿತು. ಮೊದಲು ಮಬ್ಬಾಯಿತು, ಆಮೇಲೆ ಅಂಚಿನಲ್ಲಿ ಸುಕ್ಕು ಕಾಣಿಸಿತು, ಬಿಸಿ ಹೋಯಿತು. ನುಂಗುವ ಮಾತ್ರೆ ಬರೆದುಕೊಟ್ಟು, ಪೂರ್ತಿ ಮುಗಿಸಬೇಕೆಂದು ಹೇಳಿ ಮನೆಗೆ ಕಳಿಸುವ ದಿನ, ನರ್ಸು ಪೆನ್ನು ತಂದು ಮಾಸ್ತರ ಮುಂದೆ ಹಿಡಿದರು.

"ಇವತ್ತಿನ ಅಂಚಿಗೆ ಒಂದು ಗೆರೆ ಎಳೆದುಕೊಂಡು ಹೋಗಿ. ಮನೇಲಿ ಮತ್ತೆ ಮುಂದೆ ಬಂತಾ ಅಂತ ನೋಡೋಕೆ. ನೀವೇ ಎಳೀರಿ, ನಾನು ನೋಡ್ತೀನಿ."

ಮಾಸ್ತರು ಕೈ ಹಿಂದಕ್ಕೆ ಕಟ್ಟಿಕೊಂಡರು. "ನನ್ನ ಕೈಗೆ ಕೊಡ್ಬೇಡಿ ಸಿಸ್ಟರ್."

"ಎಳೀರಿ," ಎಂದಳು ಹೆಂಡತಿ. "ಮನೇಲಿ ಇನ್ಯಾರಿದಾರೆ ಎಳೆಯೋಕೆ?"

ಅವರು ಬಗ್ಗಿ ಕೂತರು. ಪೆನ್ನು ತಾನಾಗಿ ಆಚೆಗೆ ಜಾರುತ್ತಿತ್ತು, ಪ್ರತಿ ಸಲವೂ ಹಿಡಿದು ಒಳಕ್ಕೆ ತಂದರು. ಬೆರಳಿನ ಹಿಂಭಾಗ ಇಟ್ಟು ಅಂಚು ಹುಡುಕಿದರು, ನಾಲ್ಕು ಕಡೆ ನಿಲ್ಲಿಸಿ ಉಸಿರು ತೆಗೆದುಕೊಂಡರು. ಗೆರೆ ನಡುಗಿ ನಡುಗಿ, ಸೊಟ್ಟಸೊಟ್ಟಗೆ, ಕೆಂಪು ಮುಗಿಯುವ ಜಾಗದಲ್ಲಿ ಸರಿಯಾಗಿ ಬಂತು. ಮಾಸ್ತರ ಜೀವಮಾನದಲ್ಲೇ ಅಷ್ಟು ಕೆಟ್ಟದಾಗಿ ಎಳೆದ ಗೆರೆ ಇನ್ನೊಂದಿಲ್ಲ.

ಮುಗಿಸಿ ನೋಡಿದರೆ ಅದರ ಸುತ್ತ ಹಳೆಯ ಎರಡು ಗೆರೆಗಳು ಮಸುಕಾಗಿ ಉಳಿದಿದ್ದವು. ಹೆಂಡತಿ ಬಗ್ಗಿ, ಆ ನೀಟಾದ ಮೊದಲ ಗೆರೆಯ ಮೇಲೆ ಬೆರಳಿಟ್ಟಳು. ಅಲ್ಲಿಂದ ಈಗಿನ ಅಂಚಿನವರೆಗೆ ಸುತ್ತಲೂ ಒಳ್ಳೆಯ ಚರ್ಮವಿತ್ತು. ಅಡ್ಡಡ್ಡ ಬೆರಳಿಟ್ಟು ಅಳೆದಳು, ಎರಡು ಬೆರಳು ಹಿಡಿಯಿತು.

"ನೋಡಿ," ಎಂದಳು, "ನಿಮ್ಮ ಮಾರ್ಜಿನ್ ವಾಪಸ್ ಬಂತು."

ಮಾಸ್ತರು ನಗಲು ಹೋದರು. ನಗು ಬರಲಿಲ್ಲ. ಅವಳ ಪಾದದ ಮೇಲೆ ಹಣೆ ಇಟ್ಟು, ವಾರ್ಡಿನಲ್ಲಿ ಎಲ್ಲರೂ ನೋಡುತ್ತಿದ್ದಂತೆ, ಬಿಕ್ಕಿ ಬಿಕ್ಕಿ ಅತ್ತರು.